ಸಹಾಯ ಬೇಕು: ಹಳೇ ಮನೆ ಮಾರೋ ಕಥೆ, ಅತ್ತೆ ಸಹಿ ಹತ್ರ ನಿಂತೋಗಿದೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆ ಬರೀತಿದೀನಿ, ಮಧ್ಯದಲ್ಲಿ ಸಿಕ್ಕಾಕೊಂಡಿದೀನಿ. ತೀರ್ಥಹಳ್ಳಿ ಕಡೆ ಒಂದು ತೊಟ್ಟಿಮನೆ, ಅಜ್ಜ ಅಜ್ಜಿ ಕೈಲಾಗಲ್ಲ ಅಂತ ಬೆಂಗಳೂರಿಗೆ ಮಗನ ಮನೆಗೆ ಬಂದಿದಾರೆ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡ್ಸೋರಿಲ್ದೆ ಸೋರಿ ಸೋರಿ ಮಣ್ಣಿನ ಗೋಡೆ ನೆನೆದು ಉಬ್ಬಿದೆ, ತೊಲೆಗೆ ಗೆದ್ದಲು. ಅಪ್ಪ ಚಿಕ್ಕಪ್ಪ ಇಬ್ರೂ ಮಾರೋಣ ಅಂತಾರೆ, ಅತ್ತೆ ಸಹಿ ಹಾಕಲ್ಲ ಅಂತಾರೆ. ಹಿಸ್ಸೆ ಆಗದಿರೋ ಪಿತ್ರಾರ್ಜಿತ ಮನೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಅತ್ತೆಗೂ ಸಮಪಾಲು, ಹಾಗಾಗಿ ಅವರ ಸಹಿ ಇಲ್ದೆ ಯಾರೂ ತಗೊಳ್ಳಕ್ಕೆ ಮುಂದೆ ಬರಲ್ಲ.

ಮೊದಲು ಚಿಕ್ಕಪ್ಪ ಸಿಟ್ಟಲ್ಲಿ ತನ್ನ ಪಾಲನ್ನ ಹೊರಗಿನವನಿಗೆ ಮಾರಿ, ಅವನು ಬಂದು ಜಗಲೀಲಿ ಕೂರೋ ಹಾಗೆ ಬರೆದಿದ್ದೆ. ಪರಿಚಯದ ವಕೀಲರು ಓದಿ, ಕುಟುಂಬ ವಾಸದ ಮನೆಯ ಪಾಲು ಕೊಂಡ ಹೊರಗಿನವನಿಗೆ ಆಸ್ತಿ ವರ್ಗಾವಣೆ ಕಾಯ್ದೆ ಕಲಂ 44ರ ಪ್ರಕಾರ ಜೊತೆಗೆ ವಾಸ ಮಾಡೋ ಹಕ್ಕಿಲ್ಲ, ಅವನು ವಿಭಾಗದ ದಾವೆ ಹಾಕ್ಬೇಕು, ಹಾಕಿದ್ರೆ ಅತ್ತೆನೇ ಕೋರ್ಟ್ ಕಟ್ಟಿದ ಬೆಲೆಗೆ ಆ ಪಾಲನ್ನ ಕೊಂಡ್ಕೋಬಹುದು, 1893ರ ವಿಭಾಗ ಕಾಯ್ದೆ ಕಲಂ 4 ಅಂದ್ರು. ಹಾಗೇ ಬರೆದ್ರೆ ಕಥೆ ಪೂರ್ತಿ ಕೋರ್ಟಿಗೆ ಹೋಗುತ್ತೆ, ಅತ್ತೆ ಮನಸ್ಸು ಹಿಂದೆ ಉಳಿಯುತ್ತೆ. ನಂಗೆ ಬೇಕಾಗಿರೋದು ಅತ್ತೆ ಮನಸ್ಸೇ.

ನಿಮ್ಮ ಮನೆಗಳಲ್ಲಿ ಹೆಣ್ಣುಮಗಳು ಹೀಗೆ ಸಹಿ ಹಾಕಲ್ಲ ಅಂದಿದ್ರೆ, ಕೋರ್ಟಿಗೆ ಹೋಗದೆ ಅದು ಹೇಗೆ ಬಗೆಹರೀತು? ಅವರು ಒಪ್ಪಿದ್ದು ದುಡ್ಡಿಗಾ, ಮನೆಯ ಒಂದು ಭಾಗ ಉಳಿಸ್ಕೊಟ್ಟಿದ್ದಕ್ಕಾ, ಅಥವಾ ಯಾರದೋ ಒಂದು ಮಾತಿಗಾ?