ಒಂದೇ ಸಾಲಾಗಿ ಬಂದಿರುವ ಹಾಡನ್ನು ಪಲ್ಲವಿ, ಚರಣವಾಗಿ ಒಡೆಯುವುದು ಹೇಗೆ?

ಸುಗಮ_ತಂಡ: ನಮ್ಮ ತಂಡದವರೇ ಬರೆದ ಹಾಡು ವಾಟ್ಸಾಪ್‌ನಿಂದ ಪೇಸ್ಟ್ ಮಾಡುವಾಗ ಒಂದೇ ಸಾಲಾಗಿಬಿಟ್ಟಿದೆ. ಅಲ್ಪವಿರಾಮವೂ ಇಲ್ಲ. ಹಾಳೆ ಮುದ್ರಿಸಬೇಕು, ಎಲ್ಲಿ ಒಡೆಯಲಿ?

ಮಳೆಯ ನಾಡಿಗೆ ಮರಳಿ ಬಾರೋ ಕಳೆದ ದಾರಿಯ ತೆರೆದು ತೋರೋ ಹೊಲದ ಬದುವಿನ ಹುಲ್ಲು ನೆನೆದಿದೆ ನೆಲದ ಘಮವಿದು ಮೇಲಕೆದ್ದಿದೆ ಒಲೆಯ ಬೆಂಕಿಯು ಕಾದು ಕುಳಿತಿದೆ ಮಲೆಯ ಮಂಜೂ ಕರಗಿ ಹೋಗಿದೆ ಮಳೆಯ ನಾಡಿಗೆ ಕೆರೆಯ ಏರಿಯ ಮೇಲೆ ನಡೆದರೆ ಮರೆತ ಮಾತೇ ಮತ್ತೆ ಬಂದರೆ ಇರುಳು ಕಳೆದರು ನಿದ್ದೆ ಬಾರದು ಕರೆವ ದನಿಗಳು ನಿಲ್ಲಲಾರವು ಮಳೆಯ ನಾಡಿಗೆ

ಕೀಬೋರ್ಡ್ ಕಿಟ್ಟಿ: ಸುಲಭ. ನಾಲ್ಕು ಪದಕ್ಕೊಂದು ಸಾಲು. ಮೊದಲ ಮೂರು ಸಾಲು ನೋಡಿ, ಸರಿಯಾಗಿ ಕೂರುತ್ತವೆ.

ಸುಗಮ_ತಂಡ: ಮಾಡಿದೆ. ನಾಲ್ಕನೆಯದು ‘ನೆಲದ ಘಮವಿದು ಮೇಲಕೆದ್ದಿದೆ ಒಲೆಯ’ ಆಯಿತು, ಅಲ್ಲಿಂದ ಮುಂದೆ ಎಲ್ಲ ಒಂದೊಂದು ಪದ ಜಾರುತ್ತಿದೆ.

ಲಘುಗುರು: ಜಾರಲೇಬೇಕು. ‘ಮೇಲಕೆ ಎದ್ದಿದೆ’ ಸಂಧಿಯಾಗಿ ಒಂದೇ ಪದ ಆಗಿದೆ, ಹಾಗಾಗಿ ಆ ಸಾಲಿನಲ್ಲಿ ಮೂರೇ ಪದ. ಕನ್ನಡದಲ್ಲಿ ಪದ ಎಣಿಸಿ ಸಾಲು ಒಡೆಯಲು ಹೋಗಬೇಡಿ, ಮಾತ್ರೆ ಎಣಿಸಿ. ‘ಮಳೆಯ’ ಮೂರು, ‘ನಾಡಿಗೆ’ ನಾಲ್ಕು, ‘ಮರಳಿ’ ಮೂರು, ‘ಬಾರೋ’ ನಾಲ್ಕು, ಒಟ್ಟು 14. ನಿಮ್ಮ ಹಾಡು ಪೂರ್ತಿ ಇದೇ ಮೂರು-ನಾಲ್ಕು ನಡೆ. ‘ಹುಲ್ಲು’ ಎರಡು ಅಂತ ಎಣಿಸಬೇಡಿ, ಒತ್ತಕ್ಷರದ ಹಿಂದಿರುವ ‘ಹು’ಗೆ ಎರಡು ಬರುತ್ತದೆ, ಹಾಗಾಗಿ ಅದು ಮೂರು. ‘ನೆಲದ ಘಮವಿದು ಮೇಲಕೆದ್ದಿದೆ’ ಕೂಡ 3, 4, 3, 4. ‘ಮೇಲ’ದ ಹತ್ತಿರ ಗಣ ಮುಗಿದು ‘ಕೆದ್ದಿದೆ’ಯಿಂದ ಮುಂದಿನದು ಶುರು. ಗಣ ಪದದ ನಡುವೆ ಮುರಿಯಬಹುದು, ಸಾಲು ಮಾತ್ರ ಮುರಿಯಬಾರದು.

ಎಣಿಸಿದ್ದು ಸರಿಯೋ ಅಂತ ನೋಡಲು ಎರಡನೇ ಅಕ್ಷರ ನೋಡಿ. ಹೊಲದ, ನೆಲದ, ಒಲೆಯ, ಮಲೆಯ: ನಾಲ್ಕರಲ್ಲೂ ಲಕಾರ. ಪ್ರಾಸ ಇಟ್ಟೇ ಬರೆದಿದ್ದಾರೆ. ಲಕಾರ ಹೋಗಿ ರಕಾರ ಬಂದಲ್ಲಿ (ಕೆರೆಯ, ಮರೆತ, ಇರುಳು, ಕರೆವ) ಎರಡನೇ ಚರಣ.

ಸುಗಮ_ತಂಡ: ಹಾಗಾದರೆ ನಡುವೆ ಬರುವ ‘ಮಳೆಯ ನಾಡಿಗೆ’? ಅದು ಏಳೇ ಮಾತ್ರೆ. ಅರ್ಧ ಸಾಲು ಕಳೆದುಹೋಗಿದೆಯಾ?

ಲಘುಗುರು: ಏನೂ ಕಳೆದಿಲ್ಲ. ಪಲ್ಲವಿಗೆ ಮರಳಿ ಅನ್ನುವ ಸೂಚನೆ ಅದು, ಚರಣದ ಐದನೇ ಸಾಲಲ್ಲ. ಹಾಡುವವರಿಗೆ ಗೊಂದಲ ಬೇಡ ಅಂದರೆ ಹೀಗೆ ಹಾಕಿ:

ಪಲ್ಲವಿ
ಮಳೆಯ ನಾಡಿಗೆ ಮರಳಿ ಬಾರೋ
ಕಳೆದ ದಾರಿಯ ತೆರೆದು ತೋರೋ

ಚರಣ 1
ಹೊಲದ ಬದುವಿನ ಹುಲ್ಲು ನೆನೆದಿದೆ
ನೆಲದ ಘಮವಿದು ಮೇಲಕೆದ್ದಿದೆ
ಒಲೆಯ ಬೆಂಕಿಯು ಕಾದು ಕುಳಿತಿದೆ
ಮಲೆಯ ಮಂಜೂ ಕರಗಿ ಹೋಗಿದೆ
(ಮಳೆಯ ನಾಡಿಗೆ…)

ಎರಡನೆಯದೂ ಹೀಗೇ. ಒಂದು ಎಚ್ಚರ: ಪಲ್ಲವಿ ಎಲ್ಲೆಲ್ಲಿ ಮರಳಿದೆ ಅಂತ ‘ಮಳೆಯ’ ಹುಡುಕುವಾಗ ‘ಮಲೆಯ’ವನ್ನು ತಪ್ಪು ಕಾಗುಣಿತ ಅಂದುಕೊಂಡು ತಿದ್ದಿಬಿಡಬೇಡಿ. ಪ್ರಾಸವೂ ಹೋಗುತ್ತದೆ, ಬೆಟ್ಟವೂ ಹೋಗುತ್ತದೆ.

ಭಜನೆ_ಪುಸ್ತಕ: ನನ್ನದೂ ಇದೇ ತೊಂದರೆ. ದೇವರನಾಮಗಳ ಪಿಡಿಎಫ್‌ನಿಂದ ತಂದದ್ದು. ನಡುವೆ `||ಪ||`, `||1||` ಇವೆ. ಅದರ ಮೊದಲು ಎಂಟರ್ ಹೊಡೆದರೆ ಪಲ್ಲವಿಯ ಗುರುತು ಚರಣದ ತಲೆಗೆ ಬಂದು ಕೂರುತ್ತಿದೆ.

ಲಘುಗುರು: ಅಂಥ ಪುಸ್ತಕಗಳಲ್ಲಿ ಗುರುತು ಸಾಮಾನ್ಯವಾಗಿ ನುಡಿಯ ಕೊನೆಗೆ ಬರುತ್ತದೆ. ಗುರುತಿನ ನಂತರ ಒಡೆಯಿರಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ `Ctrl+H`, ಕೆಳಗೆ `Regular expression` ಆರಿಸಿ, ಮೊದಲ ಸಾಲು ಹುಡುಕಲು, ಎರಡನೆಯದು ಬದಲಿಗೆ:

```
\s*\|\|\s*(\S+?)\s*\|\|\s*
 ||$1||\r\n\r\n
```

ಎರಡನೇ ಸಾಲಿನ ಮೊದಲಿಗೆ ಒಂದು ಸ್ಪೇಸ್ ಇದೆ, ಬಿಡಬೇಡಿ. ಏನೂ ಸಿಗದಿದ್ದರೆ ನಿಮ್ಮಲ್ಲಿರುವುದು ಎರಡು ಗೆರೆಯಲ್ಲ, `॥` ಎಂಬ ಒಂದೇ ಅಕ್ಷರ. ಮೊದಲು ಅದನ್ನು `||` ಮಾಡಿಕೊಳ್ಳಿ. ಇದು ನುಡಿಗಳನ್ನಷ್ಟೇ ಬಿಡಿಸುತ್ತದೆ. ಒಳಗಿನ ಸಾಲುಗಳನ್ನು ಕೈಯಿಂದಲೇ ಒಡೆಯಬೇಕು.

ತಾಳದ_ತಮ್ಮಯ್ಯ: ‘ಕಳೆದ ದಾರಿಯ’ ಪಲ್ಲವಿ ಅಲ್ಲ, ಅನುಪಲ್ಲವಿ. ಬೇರೆ ತಲೆಬರಹ ಹಾಕಬೇಕು.

ಲಘುಗುರು: ಮಳೆಯ, ಕಳೆದ ಒಂದೇ ಪ್ರಾಸ, ಬಾರೋ, ತೋರೋ ಜೋಡಿ. ನನಗೆ ಒಂದೇ ಘಟಕ ಅನಿಸುತ್ತದೆ.

ತಾಳದ_ತಮ್ಮಯ್ಯ: ಅನುಪಲ್ಲವಿಯಲ್ಲೂ ಪಲ್ಲವಿಯ ಪ್ರಾಸವೇ ಬರುವುದುಂಟು ಸ್ವಾಮಿ, ಅದರಿಂದ ಏನೂ ತೀರ್ಮಾನ ಆಗಲ್ಲ. ಎರಡನೇ ಸಾಲಿನ ಧಾಟಿ ಬೇರೆಯಾಗಿ ಮೇಲಕ್ಕೆ ಹೋಗುತ್ತದಾ, ಅದನ್ನು ಹೇಳಲಿ.

ಸುಗಮ_ತಂಡ: ರಾಗ ಇನ್ನೂ ಕೂಡಿಸುತ್ತಿದ್ದಾರೆ. ಈಗ ಪಲ್ಲವಿ ಅಂತಲೇ ಇಡುತ್ತೇನೆ. ವರ್ಡ್‌ನಲ್ಲಿ ಮಾತ್ರ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ದೊಡ್ಡ ಜಾಗ ಬರುತ್ತಿದೆ.

ಕೀಬೋರ್ಡ್ ಕಿಟ್ಟಿ: ಇದು ನನಗೆ ಗೊತ್ತು! ನುಡಿಯ ಒಳಗೆ `Shift+Enter`, ನುಡಿ ಮುಗಿದಾಗ ಮಾತ್ರ `Enter`.