‘ಬಾಗಿನ’ಕ್ಕೆ ತೆಲುಗು, ತಮಿಳಿನಲ್ಲಿ ಏನು? (ಇವತ್ತು ರಾತ್ರಿಯೊಳಗೆ ಬೇಕು)

ಸುಮಾ:
ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬದ ಮೇಲೆ ಇಪ್ಪತ್ತು ನಿಮಿಷದ ಭಕ್ತಿ ಕಾರ್ಯಕ್ರಮ ಬರೆದಿದ್ದೇನೆ. ಈಗ ಅದಕ್ಕೆ ತೆಲುಗು, ತಮಿಳು ದನಿ ಕೊಡುತ್ತಿದ್ದಾರೆ. ನಾಳೆ ಬೆಳಿಗ್ಗೆ ರೆಕಾರ್ಡಿಂಗ್. ‘ಬಾಗಿನ’ ಮೂರು ಕಡೆ ಬರುತ್ತದೆ. ಮುತ್ತೈದೆಗೆ ಕೊಡುವ ಮೊರದ ಬಾಗಿನ, ತವರಿನಿಂದ ಮಗಳಿಗೆ ಬರುವ ಬಾಗಿನ, ಕೊನೆಗೆ ತುಂಬಿದ ಕಾವೇರಿಗೆ ಬಾಗಿನ. ಅನುವಾದದಲ್ಲಿ ಮೂರಕ್ಕೂ ಒಂದೇ ಪದ ಬಂದಿದೆ: ತೆಲುಗಿನಲ್ಲಿ ‘ಬಹುಮತಿ’, ತಮಿಳಿನಲ್ಲಿ ‘ಪರಿಸು’. ಗೌರಿಗೆ ಓಟದ ಪಂದ್ಯದಲ್ಲಿ ಬಹುಮಾನ ಬಂದ ಹಾಗಿದೆ!

ನಂಜುಂಡ:
ಬಾಗಿನ ಅಚ್ಚಕನ್ನಡ ಪದ. ಬಾಗಿ ಕೊಡುವುದರಿಂದ ಬಾಗಿನ. ಅದನ್ನು ಹಾಗೇ ಇಡಿ. ಅವರೂ ನಾಲ್ಕು ಕನ್ನಡ ಪದ ಕಲಿಯಲಿ.

ಪದ್ಮಾವತಿ:
ಬಾಗಿ ಕೊಟ್ಟರೆ ಬಾಗಿನ, ನಿಂತು ಕೊಟ್ಟರೆ ನಿಲ್ಲಿನವೇ? ಅದು ಸಂಸ್ಕೃತದ ‘ವಾಯನ’. ವನ ಬನವಾದ ಹಾಗೆ, ವರ್ಣ ಬಣ್ಣವಾದ ಹಾಗೆ ವಾಯನ ಬಾಯಿನವಾಗಿ, ಬಾಗಿನವಾಯಿತು. ತೆಲುಗರು ಆ ಪದವನ್ನು ಹಾಗೇ ಇಟ್ಟುಕೊಂಡಿದ್ದಾರೆ. ವರಲಕ್ಷ್ಮಿ ವ್ರತದ ದಿನ ಕೊಡುವವಳು ‘ಇಸ್ತಿನಮ್ಮ ವಾಯನಂ’ ಅನ್ನುತ್ತಾಳೆ, ತೆಗೆದುಕೊಳ್ಳುವವಳು ‘ಪುಚ್ಚುಕುಂಟಿನಮ್ಮ ವಾಯನಂ’ ಅನ್ನುತ್ತಾಳೆ. ಸುಮಾ, ನಿಮ್ಮ ಮೊದಲ ದೃಶ್ಯಕ್ಕೆ ಈ ಎರಡು ಮಾತು ಹಾಕಿ ನೋಡಿ, ತೆಲುಗು ಮನೆಯವರು ತಟ್ಟನೆ ಗುರುತು ಹಿಡಿಯುತ್ತಾರೆ. ಮೊರಕ್ಕೆ ‘ಚೇಟ’. ಆದರೆ ತವರಿನ ದೃಶ್ಯಕ್ಕೆ ವಾಯನ ಬೇಡ. ಅಲ್ಲಿ ‘ಪುಟ್ಟಿಂಟಿ ಪಸುಪು ಕುಂಕುಮ’ ಅನ್ನಬೇಕು.

ಶಶಿ:
ನಮ್ಮನೇಲಿ ಮೊರವನ್ನು ಎರಡು ದಿನ ಮೊದಲೇ ಅರಿಶಿನ ಹಚ್ಚಿ ಒಣಗಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಮೊರ ಬಂದಿದೆ. ಅದನ್ನು ಕೊಟ್ಟರೆ ಬಾಗಿನ ಆಗುತ್ತಾ?

ಪದ್ಮಾವತಿ:
ಇದು ಪದದ ಪಟ್ಟಿ, ಮೊರದ ಅಂಗಡಿ ಅಲ್ಲ.

ಕಾವ್ಯಾ, ಹೊಸೂರು:
ತಮಿಳಿನಲ್ಲಿ ‘ತಾಂಬೂಲಂ’ ಅಂದುಬಿಡಿ, ಸಾಕು. ಇಲ್ಲಿ ಎಲ್ಲರೂ ಹಾಗೇ ಅನ್ನೋದು.

ಮುರಳಿ:
ಅರ್ಧ ಸರಿ. ತಾಂಬೂಲಂ ಅಂದ ಕೂಡಲೇ ತಮಿಳರ ಕಣ್ಣಿಗೆ ಬರುವುದು ವೀಳ್ಯದೆಲೆ, ಅಡಿಕೆ. ಪರದೆ ಮೇಲೆ ಕಾಣುವುದು ಸೆರಗು ಮುಚ್ಚಿ ಹಿಡಿದ ಮೊರ, ಮೇಲೊಂದು ಮೊರ. ಮಾತು, ಚಿತ್ರ ಹೊಂದುವುದಿಲ್ಲ. ಮೊರಕ್ಕೆ ತಮಿಳಿನಲ್ಲಿ ‘ಮುರಂ’. ‘ಮುರತ್ತಿಲ್ ಮಂಗಲಪ್ ಪೊರುಟ್ಕಳ್’ ಅಂತ ಬಿಡಿಸಿ ಹೇಳುವುದೇ ವಾಸಿ. ತವರಿನದಕ್ಕೆ ‘ಸೀರ್’. ಪೊಂಗಲಿಗೆ ಹುಟ್ಟಿದ ಮನೆಯಿಂದ ಬರುವುದೂ ಸೀರೇ.

ಮೂರನೇ ದೃಶ್ಯ ನಿಮಗೆ ಕಷ್ಟ ಅನ್ನಿಸಿರಬಹುದು. ಆದರೆ ತಮಿಳಿನಲ್ಲಿ ಅದೇ ಸುಲಭ. ನಮ್ಮಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿದರೆ ಮುಖ್ಯಮಂತ್ರಿ ಬಾಗಿನ ಬಿಡುತ್ತಾರೆ. ಅದೇ ಕಾವೇರಿಗೆ ಶ್ರೀರಂಗದಲ್ಲಿ ಆಡಿ ತಿಂಗಳು ರಂಗನಾಥನ ಕಡೆಯಿಂದ ಸೀರೆ, ಹೂಮಾಲೆ ಹೋಗುತ್ತದೆ. ಅಣ್ಣ ತಂಗಿಗೆ ಕೊಡುವ ಸೀರ್ ಅದು. ಹಾಗಾಗಿ ಎರಡನೇ, ಮೂರನೇ ದೃಶ್ಯಕ್ಕೆ ಒಂದೇ ಪದ ಸಾಕು. ಇನ್ನೊಂದು ಮಾತು. ನಿಮ್ಮ ಮೊರದಲ್ಲಿ ಬಿಚ್ಚೋಲೆ, ಕರಿಮಣಿ ತೋರಿಸಿದ್ದೀರಾ? ಆಡಿ ಹದಿನೆಂಟಕ್ಕೆ ಅಲ್ಲಿನ ಹೆಂಗಸರು ಕಾವೇರಿಗೆ ಬಿಡುವುದು ‘ಕಾದೋಲೈ ಕರುಗಮಣಿ’. ಅದೇ ಓಲೆ, ಅದೇ ಮಣಿ. ಆ ಹೆಸರು ಹೇಳಿ, ವಿವರಣೆಯೇ ಬೇಡ.

ಸುಮಾ:
ತೋರಿಸಿದ್ದೇನೆ, ಹತ್ತಿರದಿಂದಲೇ! ಇನ್ನೊಂದು ಕೇಳಿಬಿಡ್ತೀನಿ. ಹದಿನಾರು ಗಂಟಿನ ಗೌರಿ ದಾರಕ್ಕೆ ತೆಲುಗಿನಲ್ಲಿ ‘ದಾರಂ’ ಅಂತ ಬಂದಿದೆ. ಸರಿಯಾ?

ಪದ್ಮಾವತಿ:
ಅದು ಹೊಲಿಗೆ ದಾರ. ‘ತೋರಂ’ ಅನ್ನಿ.

ಮುರಳಿ:
ತಮಿಳಿಗೆ ‘ನೋನ್ಬುಚ್ ಸರಡು’. ಬರೀ ಸರಡು ಅಂದರೆ ತಾಳಿ ಸರಡು ಅಂದುಕೊಂಡಾರು.

ನಂಜುಂಡ:
ನೋಡಿ, ಕೊನೆಗೆ ನಿಮ್ಮ ಬಾಗಿನವೂ ಸಂಸ್ಕೃತದ ಸಾಲ ಅಂತಾಯಿತು. ಮುತ್ತೈದೆಯನ್ನಾದರೂ ಬಿಡುತ್ತೀರೋ? ಐದು ಮುತ್ತು ಉಳ್ಳವಳು ಮುತ್ತೈದೆ. ಅದು ನಮ್ಮದೇ.

ಪದ್ಮಾವತಿ:
ಐದು ಮುತ್ತಿದ್ದರೆ ‘ಐಮುತ್ತೆ’ ಆಗಬೇಕಿತ್ತು. ಆ ಐದೆ ‘ಅವಿಧವೆ’ಯಿಂದ ಬಂದದ್ದು. ತೆಲುಗಿನ ಮುತ್ತೈದುವ ಕೂಡ ಅದೇ. ಸಾಲ ತಂದು ಸಾವಿರ ವರ್ಷ ಬಾಳಿಸಿದ ಪದವನ್ನು ಪರರದ್ದು ಅಂತ ಯಾರು ಅಂದರು?

ನಂಜುಂಡ:
ಸಾಲ ಬಡ್ಡಿ ಸಮೇತ ತೀರಿಸೋದು ನಾವೇ ತಾನೆ.

ಸುಮಾ:
ದಯವಿಟ್ಟು ಜಗಳ ನಾಳೆ ಹತ್ತು ಗಂಟೆ ಮೇಲೆ. ಒಂದೇ ಉಳಿದಿದೆ: ಕಾವೇರಿ ದೃಶ್ಯಕ್ಕೆ ತೆಲುಗಿನಲ್ಲಿ ಏನು? ಅನುವಾದಕರು ಈಗ ‘ಜಲಹಾರತಿ’ ಅಂತ ಕಳಿಸಿದ್ದಾರೆ.

ಮುರಳಿ:
ಚಿತ್ರದಲ್ಲಿ ಆರತಿಯೇ ಇಲ್ಲವಲ್ಲ, ಮೊರ ತೇಲಿಬಿಡುತ್ತಾರೆ.

ಪದ್ಮಾವತಿ:
‘ಕಾವೇರಮ್ಮಕು ಪಸುಪು ಕುಂಕುಮ’ ಅನ್ನಬಹುದು. ನದಿಗೆ ವಾಯನ ಅಂದದ್ದನ್ನು ನಾನಂತೂ ಕೇಳಿಲ್ಲ.

ಕಾವ್ಯಾ, ಹೊಸೂರು:
‘ಸಾರೆ’ ಅಂದರೆ? ತಮಿಳಿನ ಸೀರ್‌ಗೆ ಸರಿಹೊಂದುತ್ತೆ.

ಪದ್ಮಾವತಿ:
ಸಾರೆ ಮಗಳ ಜೊತೆ ಅತ್ತೆಮನೆಗೆ ಹೋಗುವುದು. ಆದರೂ... ಕಾವೇರಿಯನ್ನು ಮಗಳು ಅಂದುಕೊಂಡರೆ ಆಗಬಹುದೇನೋ. ಯೋಚಿಸಬೇಕು.

ಶಶಿ:
ಪ್ಲಾಸ್ಟಿಕ್ ಮೊರ ತೇಲಿಬಿಡಬೇಡಿ ಮತ್ತೆ.

ಸುಮಾ:
ಬಿದಿರಿನದೇ ಶಶಿ. ಪಸುಪು ಕುಂಕುಮ ಅಂತ ಬರೆದು ಕಳಿಸಿದೆ. ಸಾರೆಯನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇಟ್ಟಿದ್ದೇನೆ. ನಾಳೆ ದನಿ ಕೊಡುವ ಅಮ್ಮನವರನ್ನೇ ಕೇಳುತ್ತೇನೆ.