ಸಹಾಯ ಬೇಕು: ಹಳೆ ಸ್ಟೂಡೆಂಟ್‌ಗೆ ಕೋರ್ಟಿಗೆ ಕೊಡುವ ಲೆಟರ್

ನಮಸ್ಕಾರ, ನಾನು ಉಡುಪಿಯಲ್ಲಿ ಹೈಸ್ಕೂಲ್ ಟೀಚರ್. ನನ್ನ ಹಳೆ ಸ್ಟೂಡೆಂಟ್, ಈಗ 20 ವರ್ಷ, ಬೈಕ್ ಕಳವು ಕೇಸಲ್ಲಿ ತಪ್ಪಿತಸ್ಥ ಅಂತ ಆಗಿದೆ, ಮೊದಲನೇ ಕೇಸು, ಶಿಕ್ಷೆ ಬಗ್ಗೆ ಹಿಯರಿಂಗ್ ಮುಂದಿನ ವಾರ ಉಂಟು. 21 ಆಗದವರಿಗೆ ಪ್ರೊಬೇಷನ್ ಕಾಯ್ದೆ ಸೆಕ್ಷನ್ 6 ಇರುವ ಕಾರಣ ಜೈಲು ತಪ್ಪಬಹುದು, ಕೋರ್ಟ್ ಪ್ರೊಬೇಷನ್ ಆಫೀಸರ್ ರಿಪೋರ್ಟ್ ತರಿಸ್ತದೆ, ಜೊತೆಗೆ ನಿಮ್ಮದೊಂದು ಲೆಟರ್ ಕೊಡಿ ಅಂದ್ರು ವಕೀಲರು. ಅವನು ನಿರಪರಾಧಿ ಅಂತ ನಾನು ಬರೆಯುದಿಲ್ಲ, ತೀರ್ಪು ಬಂದ ಮೇಲೆ ಹಾಗೆ ಬರೆದ್ರೆ ಉಳಿದ ಮಾತಿಗೂ ಬೆಲೆ ಇರುದಿಲ್ಲ. ನಾನು ಕಣ್ಣಾರೆ ಕಂಡದ್ದು ಮಾತ್ರ ಬರೆಯುದು, ಅವನ ಅಪ್ಪ ತೀರಿಹೋದ ವರ್ಷ ಬೆಳಿಗ್ಗೆ ಮಲ್ಪೆ ಬಂದರಲ್ಲಿ ಮೀನಿನ ಬುಟ್ಟಿ ಹೊತ್ತು, ಯೂನಿಫಾರ್ಮಲ್ಲಿ ಮೀನಿನ ವಾಸನೆ ಇದ್ರೂ ಫಸ್ಟ್ ಬೆಲ್ಲಿಗೆ ಕ್ಲಾಸಲ್ಲಿ ಇರ್ತಿದ್ದ. ಕೇಸು ನನಗೆ ಗೊತ್ತುಂಟು ಅಂತ ಲೆಟರಲ್ಲೇ ಹೇಳ್ಬೇಕಾ? ಶಾಲೆ ಲೆಟರ್‌ಹೆಡ್ ಬೇಕಾ, ಅಫಿಡವಿಟ್ಟೇ ಆಗ್ಬೇಕಾ? ಕೋರ್ಟ್ ಕೆಲಸ ಗೊತ್ತಿರುವವರು ದಯವಿಟ್ಟು ತಿಳಿಸಿ.